ಕಾಪು ದೀಪಸ್ತಂಭ ಬಳುಕಿದ ಪ್ರಕರಣ: ಸ್ಟೆಬಿಲೈಸ್ ಮಾಡಿದ ಮೇಲೆ ಎದ್ದು ಕಂಡ ಜೆಲ್ಲಿ

ಕಾಪು ಕಡಲತೀರದ ಬಳಿ ಹೋಮ್‌ಸ್ಟೇ ನಡೆಸುವ ಮಹಿಳೆಯೊಬ್ಬರಿಗಾಗಿ ಎರಡು ನಿಮಿಷದ ವಿಡಿಯೊ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚಿತ್ರೀಕರಣ ಮಾಡಿದವನು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಳಿಯ. ಎಡಿಟಿಂಗ್ ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನನ್ನ ಕೋಣೆಯಲ್ಲಿ ನಡೆಯಿತು. ವಿಡಿಯೊದ ಮುಖ್ಯ ದೃಶ್ಯವೆಂದರೆ ಮರಳಿನ ಮೇಲೆ ನಡೆಯುತ್ತ, ಬಂಡೆಯ ಮೇಲಿನ ದೀಪಸ್ತಂಭದ ಕಡೆಗೆ ಫೋನ್ ಹಿಡಿದು ತೆಗೆದ ಹದಿನಾಲ್ಕು ಸೆಕೆಂಡಿನ ಒಂದು ಕ್ಲಿಪ್. ಅದು 4ಕೆ ಗಾತ್ರದಲ್ಲಿ, ಸೆಕೆಂಡಿಗೆ 30 ಫ್ರೇಮಿನಂತೆ ದಾಖಲಾಗಿತ್ತು. ನಡಿಗೆಯ ಕುಲುಕಾಟ ಸಾಕಷ್ಟಿದ್ದುದರಿಂದ ಅಳಿಯ ಅದನ್ನು ಮನೆಯಲ್ಲೇ ಸ್ಟೆಬಿಲೈಸ್ ಮಾಡಿ, ಆ ಪ್ರತಿಯನ್ನೇ ಅವರಿಗೆ ವಾಟ್ಸ್ಯಾಪಿನಲ್ಲಿ ಕಳುಹಿಸಿಬಿಟ್ಟಿದ್ದ. ಅರ್ಧ ಗಂಟೆಯೊಳಗೆ ಅವರು ನನಗೆ ಫೋನ್ ಮಾಡಿದರು: "ಇದು ಎಂಥದ್ದು ಮಾರಾಯ್ರೆ, ಲೈಟ್‌ಹೌಸ್ ತಟ್ಟೆಯಲ್ಲಿ ಹೊಯ್ದ ಮಣ್ಣಿಯ ಹಾಗೆ ಅಲುಗ್ತದಲ್ಲ?"

ಇದಕ್ಕಿಂತ ನಿಖರವಾದ ವರ್ಣನೆಯನ್ನು ನಾನು ಕೊಡಲಾರೆ. 1901ರಿಂದ ಆ ಬಂಡೆಯ ಮೇಲೆ ನಿಂತಿರುವ ಗೋಪುರ, ಅಳಿಯ ಹೆಜ್ಜೆ ಇಟ್ಟಾಗಲೆಲ್ಲ ತುದಿಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ವಾಲಿಸುತ್ತಿತ್ತು. ವಿಚಿತ್ರವೆಂದರೆ, ಹಿಂದಿನ ಸಮುದ್ರದ ಅಂಚು ಮಾತ್ರ ಗೆರೆ ಎಳೆದಂತೆ ನೇರವಾಗಿತ್ತು.

"ಮಾವ, ಒರಿಜಿನಲ್‌ನಲ್ಲಿ ಇದು ಇರಲಿಲ್ಲ, ಸಾಫ್ಟ್‌ವೇರೇ ಹಾಳು ಮಾಡಿದೆ" ಎಂಬುದು ಅಳಿಯನ ವಾದವಾಗಿತ್ತು. ಅವನು ಓಡಿಸಿದ ಆಜ್ಞೆಗಳು ಇವು:

```
ffmpeg -i kapu.mp4 -vf vidstabdetect=shakiness=7:accuracy=15:result=k.trf -f null -
ffmpeg -i kapu.mp4 -vf vidstabtransform=input=k.trf:smoothing=20 out.mp4
```

ಆಜ್ಞೆಗಳಲ್ಲಿ ತಪ್ಪಿರಲಿಲ್ಲ, ಆದರೆ ಅವನ ವಾದ ಸರಿಯಾಗಿರಲಿಲ್ಲ. ಅದನ್ನು ಅವನಿಗೆ ತೋರಿಸಲು ನಾನು ಮೂಲ ಕ್ಲಿಪ್‌ನಿಂದ, ಹಿಮ್ಮಡಿ ಊರಿದ ಕ್ಷಣದ ಅಕ್ಕಪಕ್ಕದ ಎರಡು ಫ್ರೇಮುಗಳನ್ನು ಹೊರತೆಗೆದು ಒಂದರ ಮೇಲೊಂದು ಇಟ್ಟೆ. ಗೋಪುರದ ನಡುಭಾಗವು ಒಂದು ಫ್ರೇಮಿನಿಂದ ಮುಂದಿನದಕ್ಕೆ 79 ಪಿಕ್ಸೆಲ್ ಸರಿದಿತ್ತು. ಅದೇ ಫ್ರೇಮಿನೊಳಗೆ ಗೋಪುರದ ಬುಡಕ್ಕೂ ತುದಿಗೂ ಸುಮಾರು 35 ಪಿಕ್ಸೆಲ್‌ಗಳ ವಾಲು ಇತ್ತು. ಅಂದರೆ ಜೆಲ್ಲಿಯಂತಹ ಈ ಬಳುಕು ಮೊದಲಿನಿಂದಲೂ ಚಿತ್ರದಲ್ಲಿತ್ತು. ಇಡೀ ಚಿತ್ರವೇ 79 ಪಿಕ್ಸೆಲ್‌ನಷ್ಟು ಹಾರುತ್ತಿದ್ದಾಗ 35 ಪಿಕ್ಸೆಲ್‌ನ ವಾಲನ್ನು ಕಣ್ಣು ಗಮನಿಸಿರಲಿಲ್ಲ, ಅಷ್ಟೆ. ಅಳಿಯನ ಆಜ್ಞೆಗಳು ಬಳಸಿದ ವಿಡ್‌ಸ್ಟ್ಯಾಬ್ ಪ್ರತಿಯೊಂದು ಫ್ರೇಮನ್ನೂ ಒಂದು ಗಟ್ಟಿ ಹಲಗೆಯೆಂದು ಭಾವಿಸಿ, ಅದನ್ನು ಸರಿಸುತ್ತದೆ ಮತ್ತು ತಿರುಗಿಸುತ್ತದೆ. ಹಲಗೆಯೇ ಬಾಗಿದೆಯೆಂಬುದನ್ನು ಅದಕ್ಕೆ ಹೇಳುವ ಯಾವ ಆಯ್ಕೆಯೂ ಆ ಆಜ್ಞೆಯಲ್ಲಿಲ್ಲ. ಆದ್ದರಿಂದ ಅದು 79ನ್ನು ಸೊನ್ನೆಯ ಹತ್ತಿರಕ್ಕೆ ತಂದು, 35ನ್ನು ಇದ್ದ ಹಾಗೆಯೇ ಬಿಟ್ಟಿತು. ಸುತ್ತಲಿನ ಗದ್ದಲ ನಿಂತ ಮೇಲೆ ಗಡಿಯಾರದ ಟಿಕ್ ಟಿಕ್ ಕೇಳಿಸುವಂತೆ, ಕುಲುಕಾಟ ನಿಂತ ಮೇಲೆ ಬಳುಕಾಟ ಕಾಣಿಸಿತು.

ಈ ವಾಲು ಎಲ್ಲಿಂದ ಬರುತ್ತದೆ ಎಂಬುದು ಹಲವರಿಗೆ ಗೊತ್ತಿರುವ ವಿಷಯ. ಮುಂದಿನ ಲೆಕ್ಕಕ್ಕೆ ಬೇಕಾದಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಫೋನಿನ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ಓದಿಕೊಳ್ಳುವುದಿಲ್ಲ. ಮೇಲಿನ ಸಾಲಿನಿಂದ ಆರಂಭಿಸಿ ಒಂದೊಂದೇ ಸಾಲಾಗಿ ಕೆಳಗಿಳಿಯುತ್ತದೆ, ಇದನ್ನೇ ರೋಲಿಂಗ್ ಶಟರ್ ಎನ್ನುತ್ತಾರೆ. ಕೊನೆಯ ಸಾಲನ್ನು ಓದುವ ಹೊತ್ತಿಗೆ ಕೆಲವು ಮಿಲಿಸೆಕೆಂಡು ಕಳೆದಿರುತ್ತವೆ. ಆ ಅವಧಿಯಲ್ಲಿ ಕ್ಯಾಮೆರಾ ಬಲಕ್ಕೆ ತಿರುಗಿದರೆ ದೃಶ್ಯವು ಎಡಕ್ಕೆ ಸರಿಯುತ್ತದೆ. ತಡವಾಗಿ ಓದಿದ ಬುಡದ ಭಾಗವು ಹೆಚ್ಚು ಎಡಕ್ಕೆ ಬೀಳುತ್ತದೆ, ಪರಿಣಾಮವಾಗಿ ಗೋಪುರದ ತುದಿ ಬಲಕ್ಕೆ ವಾಲಿದಂತೆ ಕಾಣುತ್ತದೆ. ವಾಲು ಯಾವಾಗಲೂ ಕ್ಯಾಮೆರಾ ತಿರುಗಿದ ದಿಕ್ಕಿಗೇ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದೆ ತಪ್ಪು ಹಿಡಿಯುವುದು ಸುಲಭ. ಸಮುದ್ರದ ಅಂಚು ಅಡ್ಡಗೆರೆಯಾದ್ದರಿಂದ ಅದರ ಎಲ್ಲ ಬಿಂದುಗಳನ್ನೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಓದಲಾಗುತ್ತದೆ, ಹಾಗಾಗಿ ಅದು ಬಾಗುವುದಿಲ್ಲ. ಬರಿಯ ಕಡಲನ್ನು ನೋಡಿ "ಈ ಕ್ಲಿಪ್ ಚೆನ್ನಾಗಿದೆ" ಎಂದು ತೀರ್ಮಾನಿಸುವುದು ಕರಾವಳಿಯಲ್ಲಿ ಚಿತ್ರೀಕರಿಸುವವರಿಗೆ ಸಹಜವಾಗಿ ಆಗುವ ಮೋಸ. ಪರೀಕ್ಷೆಗೆ ತೆಂಗಿನ ಮರ, ದೋಣಿಯ ಕಂಬ, ಗೋಡೆಯ ಮೂಲೆಗಳಂತಹ ಲಂಬ ಗೆರೆಗಳು ಬೇಕು.

ಸರಿಪಡಿಸಬೇಕಾದರೆ ಮೊದಲು ಗೊತ್ತಾಗಬೇಕಾದದ್ದು ಒಂದೇ ಒಂದು ಸಂಖ್ಯೆ: ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಲು ಆ ಕ್ಯಾಮೆರಾ ತೆಗೆದುಕೊಳ್ಳುವ ಸಮಯ. ಫೋನ್ ತಯಾರಕರು ಇದನ್ನು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಬರೆಯುವುದಿಲ್ಲ. ಆದರೆ ನಮ್ಮ ಮನೆಯ ಕರೆಂಟಿನಿಂದಲೇ ಇದನ್ನು ಅಳೆಯಬಹುದು. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಒಳಗೆ ಒಳ್ಳೆಯ ಡ್ರೈವರ್ ಇಲ್ಲದ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಒಂದು ಮಂಕಿನಿಂದ ಇನ್ನೊಂದು ಮಂಕಿಗೆ ಸರಿಯಾಗಿ 10 ಮಿಲಿಸೆಕೆಂಡು. ನನ್ನ ಬಚ್ಚಲುಮನೆಯಲ್ಲಿ ಅಂತಹದ್ದೊಂದು ಬಲ್ಬ್ ಇತ್ತು, ಒಮ್ಮೆಯಾದರೂ ಅದರಿಂದ ಉಪಯೋಗವಾಯಿತು. ಅದರ ಬೆಳಕು ಬಿದ್ದ ಬಿಳಿ ಗೋಡೆಗೆ ಫೋನನ್ನು ಹತ್ತಿರ ಹಿಡಿದು, ಶಟರ್ ಸ್ಪೀಡನ್ನು 1/2000ಕ್ಕೆ ಇಟ್ಟು, ಚಿತ್ರೀಕರಣದಲ್ಲಿ ಬಳಸಿದ ಅದೇ 4ಕೆ 30 ಫ್ರೇಮಿನ ಮೋಡಿನಲ್ಲಿ ಎರಡು ಸೆಕೆಂಡು ದಾಖಲಿಸಿದೆವು. ಗೋಡೆಯ ಮೇಲೆ ಅಡ್ಡಡ್ಡವಾಗಿ ಕಪ್ಪು ಪಟ್ಟಿಗಳು ಮೂಡಿದವು. ಒಂದು ಪಟ್ಟಿಯ ನಡುವಿನಿಂದ ಮುಂದಿನ ಪಟ್ಟಿಯ ನಡುವಿಗೆ 982 ಪಿಕ್ಸೆಲ್ ಅಂತರವಿತ್ತು. ಫ್ರೇಮಿನ ಎತ್ತರ 2160 ಪಿಕ್ಸೆಲ್. 982 ಪಿಕ್ಸೆಲ್ ಓದಲು 10 ಮಿಲಿಸೆಕೆಂಡು ಬೇಕಾದರೆ 2160 ಪಿಕ್ಸೆಲ್ ಓದಲು 22 ಮಿಲಿಸೆಕೆಂಡು ಬೇಕು.

ಈ ಅಳತೆಯಲ್ಲಿ ಎರಡು ಎಚ್ಚರಿಕೆಗಳಿವೆ. ಬಲ್ಬ್ ನಿಜವಾಗಿಯೂ 100 ಹರ್ಟ್ಸ್‌ನಲ್ಲಿ ಮಿನುಗುತ್ತಿದೆಯೇ ಎಂದು ತಿಳಿಯಲು ಒಮ್ಮೆ 25 ಫ್ರೇಮಿನ ಮೋಡಿನಲ್ಲಿ ನೋಡಬೇಕು. ಆಗ ಒಂದು ಫ್ರೇಮಿಗೆ ಸರಿಯಾಗಿ 40 ಮಿಲಿಸೆಕೆಂಡಾಗುವುದರಿಂದ ಪಟ್ಟಿಗಳು ಅಲುಗದೆ ನಿಲ್ಲಬೇಕು, 30 ಫ್ರೇಮಿನಲ್ಲಿ ಅವು ಜರುಗುತ್ತಿರಬೇಕು. ಇನ್ನೊಂದು, ಈ 22 ಎಂಬ ಸಂಖ್ಯೆ ಫೋನಿನದ್ದಲ್ಲ, ಆ ಲೆನ್ಸ್ ಮತ್ತು ಆ ಮೋಡಿನದ್ದು. ಮೋಡ್ ಬದಲಾದರೆ ಮತ್ತೆ ಅಳೆಯಬೇಕು. ಇದನ್ನು ಅಳಿಯನಿಗೆ ಹೇಳಿದವನೇ ನಾನು ಮರುದಿನ ಅದನ್ನು ಮರೆತೆ. ಆ ಕಥೆ ಮುಂದೆ ಬರುತ್ತದೆ.

22 ಮಿಲಿಸೆಕೆಂಡು ಕೈಗೆ ಸಿಕ್ಕಿದ ಮೇಲೆ ಲೆಕ್ಕ ತಾನಾಗಿಯೇ ಕೂಡಿಬಂತು. 30 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿನ ಆರಂಭದಿಂದ ಮುಂದಿನದರ ಆರಂಭಕ್ಕೆ 33.3 ಮಿಲಿಸೆಕೆಂಡು. ಆ ಅವಧಿಯಲ್ಲಿ ಗೋಪುರ 79 ಪಿಕ್ಸೆಲ್ ಸರಿದಿದ್ದರೆ, 22 ಮಿಲಿಸೆಕೆಂಡಿನಲ್ಲಿ ಅದು 52 ಪಿಕ್ಸೆಲ್ ಸರಿಯುತ್ತದೆ. ಗೋಪುರವು ಫ್ರೇಮಿನ ಎತ್ತರದ ಮೂರನೇ ಎರಡರಷ್ಟನ್ನು ತುಂಬಿದ್ದರಿಂದ ಅದರ ಪಾಲಿನ ವಾಲು ಸುಮಾರು 35 ಪಿಕ್ಸೆಲ್. ನಾನು ಚಿತ್ರದ ಮೇಲೆ ಅಳೆದಿದ್ದುದೂ ಅಷ್ಟೇ. ಹೀಗೆ ಹೊಂದಿಕೆಯಾದ ಮೇಲೆ, ಇದು ಲೆನ್ಸಿನ ದೋಷವೂ ಅಲ್ಲ, ಸಾಫ್ಟ್‌ವೇರಿನ ದೋಷವೂ ಅಲ್ಲ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಮೊದಲ ಪ್ರಯತ್ನವನ್ನು ಇದ್ದ ಕ್ಲಿಪ್‌ನ ಮೇಲೆಯೇ ಮಾಡಿದೆವು. ಅಡೋಬಿ ಪ್ರೀಮಿಯರ್‌ನಲ್ಲಿ `Rolling Shutter Repair` ಎಂಬ ಎಫೆಕ್ಟ್ ಇದೆ. ಅದರಲ್ಲಿ `Rolling Shutter Rate` ಎಂಬ ಶೇಕಡಾವಾರು ಸಂಖ್ಯೆಯನ್ನು ಕೊಡಬೇಕು. ಅನೇಕರು ಅದನ್ನು ಕಣ್ಣಂದಾಜಿನಲ್ಲಿ ಎಳೆದು ನೋಡುತ್ತಾರೆ, ಆದರೆ ಅದರ ಅರ್ಥ ಸರಳವಾದದ್ದು: ಓದುವ ಸಮಯವು ಫ್ರೇಮಿನ ಅಂತರದ ಎಷ್ಟು ಪಾಲು ಎಂಬುದು. ನಮ್ಮದು 22ನ್ನು 33.3ರಿಂದ ಭಾಗಿಸಿದಾಗ ಬರುವ 66. ಈ ಎಫೆಕ್ಟನ್ನು ಅಳಿಯ ಮೊದಲು ತನ್ನ ಸ್ಟೆಬಿಲೈಸ್ ಆದ ಪ್ರತಿಯ ಮೇಲೆಯೇ ಹಾಕಿದ್ದ, ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಆಗುವಂತೆಯೂ ಇರಲಿಲ್ಲ: ಎಫೆಕ್ಟ್ ಚಿತ್ರದ ಚಲನೆಯನ್ನು ನೋಡಿ ವಾಲನ್ನು ಲೆಕ್ಕ ಹಾಕುತ್ತದೆ, ಸ್ಟೆಬಿಲೈಸ್ ಮಾಡಿದ ಪ್ರತಿಯಲ್ಲಿ ಆ ಚಲನೆಯನ್ನೇ ಅಳಿಸಲಾಗಿದೆ. ಮೇಲಾಗಿ, ಚಿತ್ರವನ್ನು ಸರಿಸಿ, ತಿರುಗಿಸಿ, ಅಂಚು ಕತ್ತರಿಸಿದ ಮೇಲೆ ಯಾವ ಪಿಕ್ಸೆಲ್ ಸಾಲು ಯಾವ ಕ್ಷಣದ್ದು ಎಂಬ ಸಂಬಂಧವೂ ಕಡಿದುಹೋಗಿರುತ್ತದೆ. ಫೋನು ತಾನೇ ದಾಖಲಿಸುವಾಗ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಮಾಡಿಬಿಟ್ಟಿದ್ದರೂ ಇದೇ ಗತಿ. ರೋಲಿಂಗ್ ಶಟರ್ ತಿದ್ದುಪಡಿಯು ಮೂಲ ಫೈಲಿನ ಮೇಲೆ, ಕ್ರಾಪ್‌ಗೆ ಮುನ್ನ, ವೇಗ ಬದಲಾವಣೆಗೆ ಮುನ್ನ, ಸ್ಟೆಬಿಲೈಸ್‌ಗೆ ಮುನ್ನ ಅಥವಾ ಅದರ ಜೊತೆಗೇ ನಡೆಯಬೇಕು.

ಮೂಲ ಫೈಲಿನ ಮೇಲೆ 66 ಕೊಟ್ಟು, ಅನಂತರ ಸ್ಟೆಬಿಲೈಸ್ ಮಾಡಿದಾಗ ಬಳುಕು ಅರ್ಧಕ್ಕಿಂತ ಹೆಚ್ಚು ಇಳಿಯಿತು. ನಿಧಾನವಾಗಿ ತಿರುಗಿದ ಕಡೆಗಳಲ್ಲಿ ಗೋಪುರ ನೆಟ್ಟಗೆ ನಿಂತಿತು. ಹಿಮ್ಮಡಿ ಊರಿದ ಕ್ಷಣಗಳಲ್ಲಿ ಮಾತ್ರ ಇನ್ನೂ ತುಸು ಬೆಚ್ಚಿಬಿದ್ದಂತೆ ಅಲುಗುತ್ತಿತ್ತು. ಚಿತ್ರವನ್ನಷ್ಟೇ ನೋಡಿ ಲೆಕ್ಕ ಹಾಕುವ ಸಾಧನಗಳಿಗೆ ಸೆಕೆಂಡಿಗೆ ಸಿಗುವುದು 30 ಮಾಹಿತಿಗಳು ಮಾತ್ರ. ಎರಡು ಫ್ರೇಮಿನ ನಡುವೆ ಕ್ಯಾಮೆರಾ ಒಂದೇ ವೇಗದಲ್ಲಿ ತಿರುಗಿತೆಂದು ಅವು ಊಹಿಸಬೇಕಾಗುತ್ತದೆ. ಹಿಮ್ಮಡಿಯ ಏಟು ಆ ಊಹೆಗೆ ಸಿಗುವಂಥದ್ದಲ್ಲ. ಒಂದೇ ಫ್ರೇಮಿನ ಮೇಲರ್ಧವನ್ನು ಓದುವಾಗ ಬಲಕ್ಕಿದ್ದ ಚಲನೆ ಕೆಳಗರ್ಧವನ್ನು ಓದುವಾಗ ಎಡಕ್ಕೆ ತಿರುಗಿರಬಹುದು. ಆಗ ಗೋಪುರ ವಾಲುವುದಿಲ್ಲ, ಬಿಲ್ಲಿನಂತೆ ಬಾಗುತ್ತದೆ. ಚಿತ್ರದಿಂದ ಅಷ್ಟು ಸೂಕ್ಷ್ಮ ಮಾಹಿತಿಯನ್ನು ಪಡೆಯುವುದು ಕಷ್ಟ, ಆದರೆ ಫೋನಿನೊಳಗೇ ಇದ್ದು ಅದರ ತಿರುಗುವಿಕೆಯನ್ನು ಅಳೆಯುವ ಗೈರೊ ಸೆನ್ಸರ್‌ನಿಂದ ಅದು ಸಿಗುತ್ತದೆ.

ಗೈರೋಫ್ಲೋ ಎಂಬ ಉಚಿತ ತಂತ್ರಾಂಶ ಕೆಲಸ ಮಾಡುವುದು ಈ ದಾರಿಯಲ್ಲಿ. ಅದು ಪ್ರತಿಯೊಂದು ಸಾಲಿಗೂ ಅದರದೇ ಸಮಯವನ್ನು ಲೆಕ್ಕ ಹಾಕಿ, ಆ ಕ್ಷಣದಲ್ಲಿ ಫೋನ್ ಯಾವ ಕೋನದಲ್ಲಿತ್ತು ಎಂಬುದನ್ನು ಗೈರೊ ದಾಖಲೆಯಿಂದ ಓದಿ, ಸಾಲುಸಾಲಾಗಿ ಚಿತ್ರವನ್ನು ಸರಿಪಡಿಸುತ್ತದೆ. ಸ್ಟೆಬಿಲೈಸ್ ಕೂಡ ಅದೇ ಹೆಜ್ಜೆಯಲ್ಲಿ ಆಗುತ್ತದೆ.

```
t(y) = t0 + (y / H) * Tr
```

ಇಲ್ಲಿ `t0` ಮೊದಲ ಸಾಲನ್ನು ಓದಿದ ಕ್ಷಣ, `y` ಸಾಲಿನ ಸಂಖ್ಯೆ, `H` ಫ್ರೇಮಿನ ಎತ್ತರ, `Tr` ನಾವು ಅಳೆದ ಓದುವ ಸಮಯ. ಗೈರೊ ಸೆಕೆಂಡಿಗೆ 200 ಸಲ ದಾಖಲಿಸಿದರೂ 22 ಮಿಲಿಸೆಕೆಂಡಿನ ಒಂದು ಓದಿನೊಳಗೆ ನಾಲ್ಕೈದು ಅಳತೆಗಳು ಸಿಗುತ್ತವೆ. ನಡಿಗೆಯ ಏಟಿಗೆ ಅಷ್ಟು ಸಾಕು.

ಆದರೆ ಹಳೆಯ ಕ್ಲಿಪ್‌ಗೆ ಇದು ಅನ್ವಯಿಸಲಿಲ್ಲ. ಸಾಮಾನ್ಯ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆದಿದ್ದರಿಂದ ನಮ್ಮ ಬಳಿ ಗೈರೊ ದಾಖಲೆ ಇರಲಿಲ್ಲ. ಇದ್ದಿದ್ದರೂ ಅದನ್ನು ನಂಬುವಂತಿರಲಿಲ್ಲ, ಏಕೆಂದರೆ ಮುಖ್ಯ ಕ್ಯಾಮೆರಾದಲ್ಲಿ ಆಪ್ಟಿಕಲ್ ಸ್ಟೆಬಿಲೈಸೇಶನ್ ಇತ್ತು. ಅದರಲ್ಲಿ ಕುಲುಕಿಗೆ ತಕ್ಕಂತೆ ಲೆನ್ಸ್ ತಾನೇ ಒಳಗೆ ಸರಿಯುತ್ತದೆ. ಫೋನ್ ಎಷ್ಟು ತಿರುಗಿತೆಂದು ಗೈರೊ ಹೇಳುವುದೇ ಒಂದು, ಚಿತ್ರದಲ್ಲಿ ಬಿದ್ದದ್ದೇ ಇನ್ನೊಂದು. ಹೀಗಾಗಿ ಮರುದಿನ ಸಂಜೆ ಮತ್ತೆ ಕಾಪುವಿಗೆ ಹೋಗಿ, ವಿಡಿಯೊದೊಂದಿಗೆ ಗೈರೊವನ್ನೂ ದಾಖಲಿಸುವ ಓಪನ್‌ಕ್ಯಾಮೆರಾ ಸೆನ್ಸರ್ಸ್ ಆ್ಯಪ್‌ನಲ್ಲಿ, ಆಪ್ಟಿಕಲ್ ಸ್ಟೆಬಿಲೈಸೇಶನ್ ಇಲ್ಲದ ಅಗಲ ಲೆನ್ಸಿನಿಂದ ಅದೇ ನಡಿಗೆಯನ್ನು ತೆಗೆದೆವು.

ಮನೆಗೆ ಬಂದು ಗೈರೋಫ್ಲೋದಲ್ಲಿ ಲೆನ್ಸ್ ಪ್ರೊಫೈಲ್ ಕೊಟ್ಟು, `Frame readout time` ಎಂಬಲ್ಲಿ 22 ಎಂದು ಬರೆದೆ. ಗೋಪುರ ಮತ್ತೆ ಬಳುಕಿತು! ಕಡಿಮೆಯಾಗಿತ್ತು, ಆದರೆ ಬಳುಕಿತು. ಇಲ್ಲಿ ದಿಕ್ಕಿನ ನಿಯಮ ಉಪಯೋಗಕ್ಕೆ ಬಂತು. ಕ್ಯಾಮೆರಾ ಬಲಕ್ಕೆ ತಿರುಗಿದ ಫ್ರೇಮುಗಳಲ್ಲಿ ಗೋಪುರದ ತುದಿ ಈಗ ಎಡಕ್ಕೆ ವಾಲುತ್ತಿತ್ತು. ತಿದ್ದುಪಡಿ ಸಾಲದಿದ್ದರೆ ವಾಲು ಕ್ಯಾಮೆರಾದ ದಿಕ್ಕಿಗೇ ಉಳಿಯುತ್ತದೆ. ವಿರುದ್ಧ ದಿಕ್ಕಿಗೆ ಹೋದರೆ ತಿದ್ದುಪಡಿ ಹೆಚ್ಚಾಗಿದೆಯೆಂದು ಅರ್ಥ. ಇದ್ದುದಕ್ಕಿಂತ ಇಮ್ಮಡಿಯಾದರೆ ಓದುವ ದಿಕ್ಕನ್ನೇ ತಲೆಕೆಳಗಾಗಿ ಕೊಟ್ಟಿದ್ದೇವೆಂದು ತಿಳಿಯಬೇಕು. ಫೋನನ್ನು ಅಡ್ಡ ಹಿಡಿಯುವಾಗ ಮಾಮೂಲಿಗಿಂತ ತಿರುಗುಮುರುಗಾಗಿ ಹಿಡಿದಿದ್ದರೆ ಹೀಗಾಗುತ್ತದೆ. ನಮ್ಮದು ಎರಡನೆಯ ಬಗೆ, ತಿದ್ದುಪಡಿ ಹೆಚ್ಚಾದದ್ದು. ಹಿಂದಿನ ದಿನ ನಾನೇ ಹೇಳಿದ್ದ ಎಚ್ಚರಿಕೆ ಆಗ ನೆನಪಾಯಿತು: 22 ಮುಖ್ಯ ಲೆನ್ಸಿನ ಸಂಖ್ಯೆ. ಬಚ್ಚಲುಮನೆಗೆ ಹೋಗಿ ಅಗಲ ಲೆನ್ಸಿನಲ್ಲಿ ಅಳೆದಾಗ ಪಟ್ಟಿಗಳ ಅಂತರ 1350 ಪಿಕ್ಸೆಲ್ ಬಂತು, ಅಂದರೆ 16 ಮಿಲಿಸೆಕೆಂಡು. ಅದನ್ನು ಕೊಟ್ಟೊಡನೆ ಗೋಪುರ ನಿಂತಿತು. ಗೈರೋಫ್ಲೋದಲ್ಲಿ ಈ ಸಂಖ್ಯೆಯನ್ನು ಚಿತ್ರದಿಂದಲೇ ಅಂದಾಜಿಸುವ ಆಯ್ಕೆಯೂ ಇದೆ. ನಾನು ಅದನ್ನು ಅಳತೆಯ ಬದಲಿಗಲ್ಲ, ಅಳತೆಯನ್ನು ತಾಳೆ ನೋಡಲು ಬಳಸುತ್ತೇನೆ.

ಇನ್ನೊಂದು ಅಡಚಣೆ ಸಿಂಕ್‌ನದ್ದು. ಗೈರೊ ದಾಖಲೆಯ ಗಡಿಯಾರವೂ ವಿಡಿಯೊದ ಗಡಿಯಾರವೂ ಹೊಂದದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಕೆಲವೇ ಮಿಲಿಸೆಕೆಂಡುಗಳ ವ್ಯತ್ಯಾಸವೂ ಇಡೀ ಚಿತ್ರವನ್ನು ನಡುಗಿಸುತ್ತದೆ. ತಂತ್ರಾಂಶವು ಚಿತ್ರದ ಚಲನೆಯನ್ನು ಗೈರೊದೊಂದಿಗೆ ಹೋಲಿಸಿ ಸಿಂಕ್ ಬಿಂದುಗಳನ್ನು ತಾನೇ ಹುಡುಕುತ್ತದೆ. ನಮ್ಮ ಕ್ಲಿಪ್‌ನಲ್ಲಿ ಮೂರು ಬಿಂದುಗಳ ಪೈಕಿ ಒಂದು ಉಳಿದೆರಡಕ್ಕೆ ಹೊಂದಲಿಲ್ಲ. ನೋಡಿದರೆ ಆ ಹೊತ್ತಿನಲ್ಲಿ ಫ್ರೇಮಿನ ಬಹುಭಾಗವನ್ನು ನೊರೆ ತುಂಬಿದ ಅಲೆ ಆವರಿಸಿತ್ತು. ಅಲೆಯ ಚಲನೆಯನ್ನು ಅದು ಕ್ಯಾಮೆರಾದ ಚಲನೆಯೆಂದು ತಪ್ಪಾಗಿ ತಿಳಿದಿತ್ತು. ಆ ಬಿಂದುವನ್ನು ಅಳಿಸಿ, ಬಂಡೆ ಮತ್ತು ಗೋಪುರ ದೊಡ್ಡದಾಗಿ ಕಾಣುವ ಕಡೆ ಹೊಸ ಬಿಂದು ಇಟ್ಟೆ.

ಇಷ್ಟಾದರೂ ಚಿತ್ರ ಪೂರ್ತಿ ಶುದ್ಧವಾಗಲಿಲ್ಲ. ಗೈರೊ ತಿರುಗುವಿಕೆಯನ್ನು ಮಾತ್ರ ಬಲ್ಲದು. ಹೆಜ್ಜೆಯೊಂದಿಗೆ ಫೋನ್ ಮೇಲಕ್ಕೂ ಪಕ್ಕಕ್ಕೂ ಸರಿದದ್ದು ಅದಕ್ಕೆ ತಿಳಿಯುವುದಿಲ್ಲ. ದೂರದ ಗೋಪುರಕ್ಕೆ ಅದರಿಂದ ವ್ಯತ್ಯಾಸವಾಗುವುದಿಲ್ಲ, ಆದರೆ ಕಾಲಬುಡದ ಬಂಡೆಗಳ ಅಂಚು ಕೊನೆಯ ಐದು ಸೆಕೆಂಡುಗಳಲ್ಲಿ ಇನ್ನೂ ತುಸು ನಡುಗುತ್ತಿತ್ತು. ಅದಕ್ಕೆ ಮದ್ದಿಲ್ಲವೆಂದು ಆ ಭಾಗವನ್ನು ಕತ್ತರಿಸಿ ಒಂಬತ್ತು ಸೆಕೆಂಡನ್ನು ಉಳಿಸಿಕೊಂಡೆ.

ಅದೇ ವಿಡಿಯೊಗಾಗಿ ಡ್ರೋನ್‌ನಿಂದ ತೆಗೆದ ಕ್ಲಿಪ್‌ನ ಕಾಯಿಲೆಯೇ ಬೇರೆ. ಸ್ವರ್ಣಾ ನದಿ ಸಮುದ್ರ ಸೇರುವ ಕೋಡಿ ಬೆಂಗ್ರೆಯಲ್ಲಿ ತೆಗೆದ ಆ ದೃಶ್ಯದಲ್ಲಿ, ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್ ಇದ್ದುದರಿಂದ ಕುಲುಕಾಟವೇ ಇರಲಿಲ್ಲ, ಆದರೂ ತೆಂಗಿನ ಕಾಂಡಗಳೆಲ್ಲ ಹಾವಿನಂತೆ ಅಂಕುಡೊಂಕಾಗಿದ್ದವು. ಒಂದು ಫ್ರೇಮನ್ನು ನಿಲ್ಲಿಸಿ ಎಣಿಸಿದಾಗ ಮೇಲಿನಿಂದ ಕೆಳಗೆ ಮೂರು ಅಲೆಗಳು ಕಂಡವು. ಮೋಟಾರ್ ಆರಿಸಿದ ಡ್ರೋನನ್ನು ಅದೇ ಬಲ್ಬಿನ ಕೆಳಗೆ ಹಿಡಿದು ಅಳೆದಾಗ ಓದುವ ಸಮಯ 20 ಮಿಲಿಸೆಕೆಂಡು ಬಂತು. 20 ಮಿಲಿಸೆಕೆಂಡಿಗೆ ಮೂರು ಅಲೆಯೆಂದರೆ ಸೆಕೆಂಡಿಗೆ 150, ನಿಮಿಷಕ್ಕೆ 9000. ಆ ಗಾತ್ರದ ಡ್ರೋನಿನ ಮೋಟಾರ್ ಸುಮಾರು ಅಷ್ಟೇ ವೇಗದಲ್ಲಿ ಸುತ್ತುತ್ತದೆ. ಸುತ್ತಿಗೊಂದು ಅಲೆ ಬರುತ್ತಿದೆಯೆಂದರೆ ಯಾವುದೋ ಪ್ರೊಪೆಲರಿನ ತೂಕ ಎರಡು ಬದಿಗೆ ಸಮನಾಗಿಲ್ಲವೆಂದು ಶಂಕಿಸಬೇಕು. ಬೆರಳಿನಿಂದ ಅಂಚು ಸವರಿ ನೋಡಿದಾಗ ಒಂದು ಎಲೆಯ ತುದಿಯಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಚಕ್ಕೆ ಹಾರಿತ್ತು. ಮರಳಿನಿಂದ ನೇರವಾಗಿ ಏರಿಸಿದ್ದರ ಫಲ.

ಇದನ್ನು ಎಡಿಟಿಂಗ್‌ನಲ್ಲಿ ಸರಿಪಡಿಸಲು ನಾನು ಒಂದು ಗಂಟೆ ಕಳೆದದ್ದು ವ್ಯರ್ಥವೇ ಆಯಿತು. ಸೆಕೆಂಡಿಗೆ 30 ಫ್ರೇಮಿನ ಚಿತ್ರದಿಂದ ಸೆಕೆಂಡಿಗೆ 150 ಸಲದ ನಡುಕವನ್ನು ಮರಳಿ ಕಟ್ಟಲಾಗದು. ಆ ಡ್ರೋನಿನ ಫೈಲಿನಲ್ಲಿ ಗೈರೊ ದಾಖಲೆಯೂ ಇರಲಿಲ್ಲ. ಫೋನಿನಂತೆ ಸೆಕೆಂಡಿಗೆ 200 ಅಳತೆ ಇದ್ದರೂ ಅದು 100 ಹರ್ಟ್ಸ್‌ಗಿಂತ ವೇಗದ ನಡುಕವನ್ನು ಹಿಡಿಯಲಾರದು. ಪ್ರೊಪೆಲರುಗಳನ್ನು ಬದಲಿಸಿ, ಮರಳಿನ ಬದಲು ಒಂದು ಹಲಗೆಯ ಮೇಲಿಂದ ಏರಿಸಿ ಮತ್ತೆ ತೆಗೆದೆವು. ಜೊತೆಗೆ ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ16 ಫಿಲ್ಟರ್ ಹಾಕಿ, ಮೊದಲು 1/1000 ಇದ್ದ ಶಟರ್ ಸ್ಪೀಡನ್ನು 1/60ಕ್ಕೆ ಇಳಿಸಿದೆವು. ಪ್ರತಿ ಸಾಲೂ 16 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಬೆಳಕು ಹೀರುವುದರಿಂದ, 6.7 ಮಿಲಿಸೆಕೆಂಡಿಗೊಮ್ಮೆ ಬರುವ ಉಳಿದ ಸಣ್ಣ ನಡುಕ ಅಲೆಯಾಗಿ ಕಾಣದೆ ತೆಳುವಾದ ಮಸುಕಾಗಿ ಕರಗುತ್ತದೆ. ಗಿಂಬಲ್ ಇರುವ ಡ್ರೋನಿಗೆ ಈ ಉಪಾಯ ಒಳ್ಳೆಯದು. ಕೈಯಲ್ಲಿ ಹಿಡಿದ ಫೋನಿಗೆ ಅಲ್ಲ, ಏಕೆಂದರೆ ಅಲ್ಲಿ ಕುಲುಕು ತೆಗೆದ ಮೇಲೂ ಅದರ ಮಸುಕು ಚಿತ್ರದಲ್ಲೇ ಉಳಿಯುತ್ತದೆ.

ವಿಡಿಯೊ ಒಪ್ಪಿಸಿದ ಮೇಲೆ ಹೋಮ್‌ಸ್ಟೇಯ ಆ ಮಹಿಳೆ ಅದರದೇ ಒಂದು ನೆಟ್ಟನೆಯ ರೀಲ್ ಕೇಳಿದರು. ಅಳಿಯ ಫೋನನ್ನು ನೆಟ್ಟಗೆ ಹಿಡಿದು ಹೊಸದಾಗಿ ತೆಗೆಯಲು ಹೊರಟಿದ್ದ, ನಾನು ತಡೆದೆ. ನೆಟ್ಟಗೆ ಹಿಡಿದಾಗ ಸೆನ್ಸರ್ ಪಕ್ಕದಿಂದ ಪಕ್ಕಕ್ಕೆ ಓದುತ್ತದೆ. ಆಗ ನಡಿಗೆಯ ಏರಿಳಿತಕ್ಕೆ ಸಮುದ್ರದ ಅಂಚೇ ಓರೆಯಾಗುತ್ತದೆ, ಪಕ್ಕದ ತಿರುಗುವಿಕೆಗೆ ಗೋಪುರ ದಪ್ಪಗಾಗಿ ತೆಳ್ಳಗಾಗುತ್ತದೆ. ಸರಿಪಡಿಸಿದ ಅಡ್ಡ ವಿಡಿಯೊದಿಂದಲೇ 1215 ಪಿಕ್ಸೆಲ್ ಅಗಲದ ಪಟ್ಟಿಯನ್ನು ಕತ್ತರಿಸಿಕೊಟ್ಟೆವು.